ಹನ್ನೆರಡು ವರ್ಷ ಯಾವ ದಿನದಿಂದ?

(ಹಾವೇರಿಯಲ್ಲಿ ರೈತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಹೊಲದ ತಂಟೆ ಹಿಡಿದುಕೊಂಡು ಕೋರ್ಟಿನ ಕಟ್ಟೆಗೆ ಬರುವವರ ಬಾಯಲ್ಲಿ ಎರಡು ಮಾತು ಕೇಳುತ್ತಲೇ ಇರುತ್ತೇನೆ. ಉಳುವವರು ಹೇಳುತ್ತಾರೆ: “ಹನ್ನೆರಡು ವರ್ಷ ಕಬ್ಜಾ ನಮ್ಮದಿದ್ದರೆ ಹೊಲ ನಮ್ಮದೇ ಅಲ್ಲವೇ?” ಮಾಲೀಕರು ಹೇಳುತ್ತಾರೆ: “ಉತಾರದಲ್ಲಿ ನನ್ನ ಹೆಸರಿದೆ. ಇನ್ನೂ ಐವತ್ತು ವರ್ಷ ಹೋದರೂ ಹೊಲ ಎಲ್ಲಿಗೆ ಹೋದೀತು?” ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಗೆಲ್ಲಲಾಗದ ದಾವೆಗೆ ದುಡ್ಡು ಸುರಿಯುತ್ತಾರೆ. ಎರಡನೆಯದನ್ನು ನಂಬಿದವರು ಹೊಲವನ್ನೇ ಕಳೆದುಕೊಳ್ಳುತ್ತಾರೆ. ಇವೆರಡರ ನಡುವೆ ಕಾನೂನು ನಿಜವಾಗಿ ಎಲ್ಲಿ ನಿಂತಿದೆ ಎಂಬುದನ್ನು ಇಂದು ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಗೊಂದಲವನ್ನು ಪಕ್ಕಕ್ಕಿಡೋಣ. “ಉಳುವವನೇ ಹೊಲದೊಡೆಯ” ಎಂಬುದು ಭೂಸುಧಾರಣೆಯ ಮಾತು. 1974ರ ಮಾರ್ಚ್ 1ಕ್ಕೆ ಮುಂಚೆ ಗೇಣಿದಾರರಾಗಿ ಉಳುತ್ತಿದ್ದವರು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹೋಗಿ ಪಡೆದ ಹಕ್ಕು ಅದು. ಆ ಕಾಯ್ದೆಗೂ ಈ ಹನ್ನೆರಡು ವರ್ಷಕ್ಕೂ ಸಂಬಂಧವಿಲ್ಲ. ನಾನು ಮಾತಾಡುತ್ತಿರುವುದು ಪ್ರತಿಕೂಲ ಸ್ವಾಧೀನದ ಬಗ್ಗೆ, ಅಂದರೆ ಮಾಲೀಕನ ಹಕ್ಕನ್ನು ಅಲ್ಲಗಳೆದು ಅವನ ಹೊಲವನ್ನು ಹಿಡಿದುಕೊಂಡಿರುವುದರ ಬಗ್ಗೆ. ಅದರ ಬೇರು ಇರುವುದು 1963ರ ಕಾಲಮಿತಿ ಕಾಯ್ದೆಯಲ್ಲಿ, ಅಂದರೆ ವಕೀಲರು ಲಿಮಿಟೇಷನ್ ಕಾಯ್ದೆ ಎಂದು ಕರೆಯುವುದರಲ್ಲಿ.

ಆ ಕಾಯ್ದೆಯಲ್ಲಿ ಎಲ್ಲಿಯೂ “ಹನ್ನೆರಡು ವರ್ಷ ಉಳುಮೆ ಮಾಡಿದವನು ಮಾಲೀಕನಾಗುತ್ತಾನೆ” ಎಂದು ಬರೆದಿಲ್ಲ. ಅದರ 65ನೇ ಅನುಚ್ಛೇದ ಹೇಳುವುದು ಮಾಲೀಕನಿಗೆ. ನಿನ್ನ ಮಾಲೀಕತ್ವದ ಆಧಾರದ ಮೇಲೆ ಆಸ್ತಿಯ ಸ್ವಾಧೀನ ಬೇಕಿದ್ದರೆ ಹನ್ನೆರಡು ವರ್ಷದೊಳಗೆ ದಾವೆ ಹೂಡು, ಆ ಹನ್ನೆರಡು ವರ್ಷವನ್ನು ಎದುರಾಳಿಯ ಸ್ವಾಧೀನ ನಿನಗೆ ಪ್ರತಿಕೂಲವಾದ ದಿನದಿಂದ ಎಣಿಸು ಎಂದು ಅದು ಹೇಳುತ್ತದೆ. ಅವಧಿ ತಪ್ಪಿದರೆ ಏನಾಗುತ್ತದೆ ಎಂಬುದು ಕಲಂ 27ರಲ್ಲಿದೆ. ಕೈಸಾಲದ ಅವಧಿ ಮೀರಿದರೆ ಸಾಲ ಸಾಯುವುದಿಲ್ಲ, ಕೋರ್ಟಿನಲ್ಲಿ ವಸೂಲಿ ಮಾಡುವ ದಾರಿ ಮಾತ್ರ ಮುಚ್ಚುತ್ತದೆ. ಜಮೀನಿನಲ್ಲಿ ಹಾಗಲ್ಲ. ದಾವೆಯ ಅವಧಿ ಮುಗಿದ ದಿನ ಮಾಲೀಕನ ಹಕ್ಕೇ ಅಳಿದುಹೋಗುತ್ತದೆ. ಅವನ ಹಕ್ಕು ಅಳಿದ ಮೇಲೆ ಸ್ವಾಧೀನದಲ್ಲಿ ಇರುವವನನ್ನು ಎಬ್ಬಿಸಲು ಯಾರೂ ಉಳಿಯುವುದಿಲ್ಲ. ಆದ್ದರಿಂದ ಹೊಲ ಅವನದಾಗುತ್ತದೆ.

ಇಲ್ಲಿ ಎಲ್ಲವೂ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಸ್ವಾಧೀನ ಪ್ರತಿಕೂಲವಾದದ್ದು ಯಾವ ದಿನ? ಉಳುಮೆ ಶುರುವಾದ ದಿನ ಬೇರೆ, ಈ ದಿನ ಬೇರೆ. ಬಹಳಷ್ಟು ಪ್ರಕರಣಗಳಲ್ಲಿ ಈ ಎರಡರ ನಡುವೆ ಹತ್ತು, ಇಪ್ಪತ್ತು ವರ್ಷದ ಅಂತರವಿರುತ್ತದೆ. ಎಷ್ಟೋ ಪ್ರಕರಣಗಳಲ್ಲಿ ಎರಡನೆಯ ದಿನ ಬಂದೇ ಇರುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸವಣೂರು ತಾಲ್ಲೂಕಿನ ಒಂದು ಊರು. 4 ಎಕರೆ 20 ಗುಂಟೆ ಎರೆ ಹೊಲ. ಮಾಲೀಕರು ಶಾಲಾ ಮಾಸ್ತರರು. 1989ರಲ್ಲಿ ಹುಬ್ಬಳ್ಳಿಗೆ ವರ್ಗವಾಗಿ ಸಂಸಾರ ಸಮೇತ ಹೊರಟರು. ಹೊಲ ಬೀಳು ಬೀಳಬಾರದೆಂದು ಪಕ್ಕದ ಹೊಲದವರಿಗೆ, “ನೀವೇ ನೋಡಿಕೊಂಡು ಹೋಗಿರಿ, ಬೆಳೆದದ್ದರಲ್ಲಿ ನಮಗೂ ಒಂದಿಷ್ಟು ಕಳಿಸಿರಿ” ಎಂದು ಬಾಯಿಮಾತಿನಲ್ಲಿ ಹೇಳಿದರು. ಕಾಗದ ಪತ್ರ ಏನೂ ಇಲ್ಲ. ಮೊದಲ ಕೆಲವು ವರ್ಷ ಸುಗ್ಗಿಯಾದ ಮೇಲೆ ಎರಡು ಮೂರು ಚೀಲ ಜೋಳ ಹುಬ್ಬಳ್ಳಿಗೆ ಬಂತು. ಆಮೇಲೆ ಒಂದು ವರ್ಷ ಮಳೆ ಕೈಕೊಟ್ಟಿತು, ಜೋಳ ಬರುವುದು ನಿಂತಿತು. ಮುಂದಿನ ವರ್ಷ ಮಳೆ ಬಂದರೂ ಜೋಳ ಬರಲಿಲ್ಲ. ಮಾಸ್ತರರು ಸಂಕೋಚದವರು, ಕೇಳಲಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಸ್ತರರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರೆಂದು ಪಕ್ಕದವರ ಹೆಸರು. ಕಂದಾಯ ತುಂಬಿದ ರಸೀದಿಗಳೂ ಪಕ್ಕದವರ ಬಳಿಯೇ ಇವೆ.

ಹೀಗೆ 2005ರವರೆಗೆ ಹದಿನಾರು ವರ್ಷ ಕಳೆಯಿತು. ಆ ದಿನ ಕೋರ್ಟಿಗೆ ಹೋಗಿದ್ದರೆ ಪಕ್ಕದವರಿಗೆ ಹೊಲ ಸಿಗುತ್ತಿತ್ತೇ? ಇಲ್ಲ. ಹದಿನಾರು ವರ್ಷದಲ್ಲಿ ಒಂದು ದಿನವೂ ಲೆಕ್ಕಕ್ಕೆ ಬರುವುದಿಲ್ಲ. ಅವರು ಹೊಲಕ್ಕೆ ಕಾಲಿಟ್ಟದ್ದು ಮಾಸ್ತರರ ಅನುಮತಿಯಿಂದ. ಅನುಮತಿಯಿಂದ ಒಳಗೆ ಬಂದವನ ಸ್ವಾಧೀನ ಮಾಲೀಕನ ಪರವಾಗಿಯೇ ಇರುತ್ತದೆ, ಅದು ಎಷ್ಟು ಹಳೆಯದಾದರೂ ಹಣ್ಣಾಗಿ ಮಾಲೀಕತ್ವವಾಗುವುದಿಲ್ಲ. ಜೋಳ ನಿಲ್ಲಿಸಿದ್ದು ಸಾಕಲ್ಲವೇ ಎಂದು ಕೇಳುತ್ತಾರೆ. ಸಾಲದು. ಕೊಡಬೇಕಾದದ್ದನ್ನು ಕೊಡದೆ ಇರುವುದು ಬಾಕಿ. ಕೊಡುವ ಪ್ರಶ್ನೆಯೇ ಇಲ್ಲ, ಹೊಲ ನಿಮ್ಮದಲ್ಲ ಎಂದು ಹೇಳುವುದು ನಿರಾಕರಣೆ. ಕಾನೂನು ನಿರಾಕರಣೆಯನ್ನು ಹುಡುಕುತ್ತದೆ. ಅದು ಬಹಿರಂಗವಾಗಿರಬೇಕು, ಮಾಲೀಕನಿಗೆ ತಿಳಿಯುವಂತಿರಬೇಕು.

12ನೇ ಕಾಲಂ ಕೂಡ ಇಲ್ಲಿ ಕೈಹಿಡಿಯುವುದಿಲ್ಲ. ಪಹಣಿಯ ದಾಖಲೆ ತಪ್ಪೆಂದು ತೋರಿಸುವವರೆಗೆ ಸರಿ ಎಂದು ಭಾವಿಸಬೇಕೆಂದು ಭೂ ಕಂದಾಯ ಕಾಯ್ದೆಯ ಕಲಂ 133 ಹೇಳುವುದು ನಿಜ. ಆದರೆ ಆ ಕಾಲಂ ಹೇಳುವುದು ಯಾರು ಉಳುತ್ತಿದ್ದಾರೆ ಎಂಬುದನ್ನು ಮಾತ್ರ. ಯಾವ ಹಕ್ಕಿನಿಂದ ಉಳುತ್ತಿದ್ದಾರೆ, ಕೇಳಿ ಉಳುತ್ತಿದ್ದಾರೋ ಕೇಳದೆ ಉಳುತ್ತಿದ್ದಾರೋ ಎಂಬುದು ಅದರಲ್ಲಿ ಇಲ್ಲ. ಮೂವತ್ತು ವರ್ಷದ ಪಹಣಿಗಳನ್ನು ಕಟ್ಟು ಕಟ್ಟಿ ತಂದು ಮೇಜಿನ ಮೇಲೆ ಇಡುವವರನ್ನು ನೋಡಿದ್ದೇನೆ. ಆ ಕಟ್ಟು ಸ್ವಾಧೀನವನ್ನು ಸಾಬೀತು ಮಾಡುತ್ತದೆ, ಪ್ರತಿಕೂಲವನ್ನಲ್ಲ.

ಈಗ ಕಥೆ ತಿರುಗುತ್ತದೆ. 2005ರ ಜೂನ್ ತಿಂಗಳು. ನಿವೃತ್ತರಾದ ಮಾಸ್ತರರು ಹೊಲ ಮಾರಬೇಕೆಂದು ಹದ್ದುಬಸ್ತಿಗೆ ಅರ್ಜಿ ಹಾಕಿದರು. ಭೂಮಾಪಕರು ಸರಪಳಿ ಹಿಡಿದು ಹೊಲಕ್ಕೆ ಬಂದರು. ಪಕ್ಕದವರು ಅಡ್ಡ ನಿಂತು ಬರಹದಲ್ಲೇ ತಕರಾರು ಕೊಟ್ಟರು: ಈ ಹೊಲ ನಮ್ಮದು, ಇವರಿಗೆ ಇದರಲ್ಲಿ ಯಾವ ಹಕ್ಕೂ ಇಲ್ಲ, ಅಳತೆ ಮಾಡಗೊಡುವುದಿಲ್ಲ. ಪಂಚನಾಮೆ ಆಯಿತು. ಮಾಸ್ತರರೂ ಅಲ್ಲೇ ನಿಂತಿದ್ದರು, ಪಂಚನಾಮೆಗೆ ಸಹಿ ಮಾಡಿದರು.

ಎಣಿಕೆ ಶುರುವಾದದ್ದು ಆ ದಿನ. ಅನುಮತಿ ಸತ್ತು ಹಗೆತನ ಹುಟ್ಟಿದ್ದು, ಅದೂ ಮಾಲೀಕನ ಕಣ್ಣೆದುರೇ. ಹನ್ನೆರಡು ವರ್ಷ ಮುಗಿಯುವುದು 2017ರ ಜೂನ್‌ನಲ್ಲಿ.

ಮಾಸ್ತರರು ಸುಮ್ಮನೆ ಕೂರಲಿಲ್ಲ. 2008ರಲ್ಲಿ ಪೊಲೀಸ್ ಠಾಣೆಗೆ ದೂರು ಕೊಟ್ಟರು. ಇದು ಸಿವಿಲ್ ವ್ಯಾಜ್ಯ ಎಂದು ಕಳಿಸಿದರು. 2010ರಲ್ಲಿ ವಕೀಲರಿಂದ ನೋಟಿಸ್ ಕೊಡಿಸಿದರು. ಉತ್ತರ ಬರಲಿಲ್ಲ. 2013ರಲ್ಲಿ ತಹಶೀಲ್ದಾರರ ಮುಂದೆ ಅರ್ಜಿ ಹಾಕಿ 12ನೇ ಕಾಲಂನಿಂದ ಪಕ್ಕದವರ ಹೆಸರು ತೆಗೆಸಬೇಕೆಂದು ಓಡಾಡಿದರು. ಊರ ಹಿರಿಯರನ್ನು ಕೂರಿಸಿ ಪಂಚಾಯಿತಿಯನ್ನೂ ಮಾಡಿದರು. ತಮ್ಮ ಹಕ್ಕನ್ನು ಕಾಯುತ್ತಿದ್ದೇವೆ ಎಂದೇ ಅವರು ನಂಬಿದ್ದರು. ನನ್ನ ಮಾತನ್ನು ಇಲ್ಲಿ ಮಾತ್ರ ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ: ಇವುಗಳಲ್ಲಿ ಯಾವುದೂ ಕಾಲವನ್ನು ನಿಲ್ಲಿಸುವುದಿಲ್ಲ. ನೋಟಿಸ್ ನಿಲ್ಲಿಸುವುದಿಲ್ಲ, ದೂರು ನಿಲ್ಲಿಸುವುದಿಲ್ಲ, ತಹಶೀಲ್ದಾರರ ಕಚೇರಿಯ ಕಡತ ನಿಲ್ಲಿಸುವುದಿಲ್ಲ. ಮಾಲೀಕತ್ವ ತೀರ್ಮಾನಿಸುವ ಅಧಿಕಾರ ತಹಶೀಲ್ದಾರರಿಗೆ ಇಲ್ಲವೇ ಇಲ್ಲ. ಕಾಲ ನಿಲ್ಲಬೇಕಾದರೆ ಹೊಲ ಮತ್ತೆ ನಿಜವಾಗಿ ಮಾಲೀಕನ ಕೈಗೆ ಬರಬೇಕು, ಅಥವಾ ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನಕ್ಕಾಗಿ ದಾವೆ ದಾಖಲಾಗಬೇಕು, ಅಥವಾ ಎದುರಾಳಿಯೇ ಹೊಲ ನಿಮ್ಮದೆಂದು ಅವಧಿಯೊಳಗೆ ಒಪ್ಪಿಕೊಂಡು ಮತ್ತೆ ಅನುಮತಿಯ ಮೇಲೆ ಇರಬೇಕು.

ದಾವೆ ಹಾಕುವಾಗಲೂ ಒಂದು ಎಡವಟ್ಟು ಆಗುತ್ತದೆ. ಖರ್ಚು ಕಡಿಮೆ ಎಂದು, ಬೇಗ ಆಗುತ್ತದೆ ಎಂದು ತಡೆಯಾಜ್ಞೆಯನ್ನು ಮಾತ್ರ ಕೇಳುತ್ತಾರೆ. ಹೊಲ ಕೈಯಲ್ಲಿ ಇಲ್ಲದವರು ತಮ್ಮ ಸ್ವಾಧೀನಕ್ಕೆ ಅಡ್ಡಿ ಮಾಡಬೇಡಿ ಎಂದು ಕೇಳಿದರೆ ದಾವೆ ಬೀಳುತ್ತದೆ. ಬಿದ್ದದ್ದು ಗೊತ್ತಾಗುವ ಹೊತ್ತಿಗೆ ಹನ್ನೆರಡು ವರ್ಷ ಮುಗಿದಿರುತ್ತದೆ. ಹೊಲ ಎದುರಾಳಿಯ ಕೈಯಲ್ಲಿದ್ದರೆ ಮಾಲೀಕತ್ವದ ಘೋಷಣೆಯನ್ನೂ ಸ್ವಾಧೀನವನ್ನೂ ಒಟ್ಟಿಗೆ ಕೇಳಬೇಕು.

ಮಾಸ್ತರರು ಅಂಥ ದಾವೆಯನ್ನು 2016ರಲ್ಲಿ ಹಾಕಿದ್ದರೆ ಗೆಲ್ಲುತ್ತಾರೆ. 1989ರಿಂದ ಇಪ್ಪತ್ತೇಳು ವರ್ಷ ಪಕ್ಕದವರು ಉಂಡಿದ್ದಾರೆ ಎಂಬುದು ಅಡ್ಡ ಬರುವುದಿಲ್ಲ, ಏಕೆಂದರೆ ಪ್ರತಿಕೂಲವಾಗಿ ಹನ್ನೊಂದೇ ವರ್ಷ. ಅದೇ ದಾವೆಯನ್ನು 2018ರಲ್ಲಿ ಹಾಕಿದರೆ ಸೋಲುತ್ತಾರೆ. ಉತಾರದಲ್ಲಿ ಹೆಸರಿದ್ದರೂ, ಖರೀದಿ ಪತ್ರ ಪೆಟ್ಟಿಗೆಯಲ್ಲಿದ್ದರೂ, ಹಕ್ಕು ಅಳಿದಿದೆ.

ಈ ನಡುವೆ ಮಾಲೀಕರು ಬದಲಾದರೂ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ಒಮ್ಮೆ ಓಡಲು ಶುರುವಾದ ಕಾಲ ನಿಲ್ಲುವುದಿಲ್ಲ ಎಂದು ಅದೇ ಕಾಯ್ದೆಯ ಕಲಂ 9 ಹೇಳುತ್ತದೆ. ಮಾಸ್ತರರು 2011ರಲ್ಲಿ ತೀರಿಕೊಂಡು ಹಕ್ಕು ಮೊಮ್ಮಗನಿಗೆ ಬಂತು, ಹುಡುಗ ಇನ್ನೂ ಅಪ್ರಾಪ್ತ ವಯಸ್ಸಿನವ ಎಂದುಕೊಳ್ಳಿ. ಆದರೂ 2017ರ ಜೂನ್ ಅಂದರೆ 2017ರ ಜೂನೇ. ಹೊಲವನ್ನು ಹಾಗೆಯೇ ಬೇರೆಯವರಿಗೆ ಮಾರಿದರೆ ಕೊಂಡವರಿಗೂ ಉಳಿದ ವರ್ಷಗಳಷ್ಟೇ. ಆ ಕಡೆ ಪಕ್ಕದವರು ತೀರಿಕೊಂಡು ಮಗ ಮುಂದುವರಿಸಿದರೆ ತಂದೆಯ ವರ್ಷಗಳು ಮಗನ ಲೆಕ್ಕಕ್ಕೆ ಸೇರುತ್ತವೆ. ನಡುವೆ ಅವರು ಬಿಟ್ಟುಹೋಗಿ ಹೊಲ ಖಾಲಿ ಬಿದ್ದಿದ್ದರೆ ಮಾತ್ರ ಸರಪಳಿ ಕಡಿಯುತ್ತದೆ.

ಇಷ್ಟು ಕೇಳಿದ ಮೇಲೆ ಮಾಲೀಕರಿಗೆ ಭಯವಾಗುವುದು ಸಹಜ. ಅದಕ್ಕೇ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಈ ವಾದವನ್ನು ಸಾಬೀತು ಮಾಡುವ ಹೊರೆ ಪೂರ್ತಿಯಾಗಿ ಸ್ವಾಧೀನದಲ್ಲಿ ಇರುವವನ ಮೇಲಿದೆ, ಮಾಲೀಕನ ಮೇಲಿಲ್ಲ. ಕರ್ನಾಟಕ ವಕ್ಫ್ ಮಂಡಳಿ ಮತ್ತು ಭಾರತ ಸರ್ಕಾರದ ನಡುವಿನ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಅವನು ಏನನ್ನು ತೋರಿಸಬೇಕೆಂದು ಸ್ಪಷ್ಟವಾಗಿ ಹೇಳಿತು. ಯಾವ ದಿನಾಂಕದಿಂದ ಸ್ವಾಧೀನ, ಎಂಥ ಸ್ವಾಧೀನ, ನಿಜವಾದ ಮಾಲೀಕನಿಗೆ ಅದು ತಿಳಿದಿತ್ತೇ, ಎಷ್ಟು ಕಾಲ ನಡೆಯಿತು, ಬಹಿರಂಗವಾಗಿ ತಡೆಯಿಲ್ಲದೆ ನಡೆಯಿತೇ. ದಿನಾಂಕ ಹೇಳದೆ “ತಾತ ಮುತ್ತಾತರ ಕಾಲದಿಂದ” ಎಂದು ಬರೆದರೆ ಅಲ್ಲಿಯೇ ಮುಗಿಯಿತು. ಬದು ಸರಿಸುವವರ ವಾದ ಸಾಮಾನ್ಯವಾಗಿ ಬೀಳುವುದೂ ಇಲ್ಲೇ. ವರ್ಷ ವರ್ಷ ನೇಗಿಲಿನ ಅಂಚು ಗೇಣು ಗೇಣಾಗಿ ಆಚೆ ಹೋಗಿರುತ್ತದೆ. ಎಷ್ಟು ಗುಂಟೆ, ಯಾವ ವರ್ಷದಿಂದ ಎಂದು ಕೇಳಿದರೆ ಒತ್ತಿದವರಿಗೇ ಉತ್ತರ ಗೊತ್ತಿರುವುದಿಲ್ಲ.

ಅದೇ ತೀರ್ಪಿನ ಇನ್ನೊಂದು ಮಾತು ನಮ್ಮ ಭಾಗಕ್ಕೆ ಬಹಳ ಮುಖ್ಯ. ಹೊಲ ನನ್ನದೇ ಎಂಬ ವಾದ ಮತ್ತು ಪ್ರತಿಕೂಲ ಸ್ವಾಧೀನದ ವಾದ ಒಂದಕ್ಕೊಂದು ಹೊಂದುವುದಿಲ್ಲ. ಪ್ರತಿಕೂಲ ಸ್ವಾಧೀನ ಹೇಳುವವನು ಮೊದಲು, ಹೊಲ ಇಂಥವರದಾಗಿತ್ತು ಎಂದು ಒಪ್ಪಬೇಕು. ಒಪ್ಪಿದ ಮೇಲೆಯೇ ಅವರ ವಿರುದ್ಧ ಹಿಡಿದುಕೊಂಡಿದ್ದೆ ಎನ್ನಲು ಸಾಧ್ಯ. ನಮ್ಮಲ್ಲಿ ಎಷ್ಟೋ ಜನ ಸಂಚಕಾರ ಪತ್ರ ಬರೆಸಿಕೊಂಡು, ಮುಂಗಡ ಕೊಟ್ಟು, ಖರೀದಿ ನೋಂದಣಿ ಆಗದೆಯೇ ಹೊಲ ಉಳುತ್ತಿದ್ದಾರೆ. ಖರೀದಿ ಪತ್ರಕ್ಕಾಗಿ ದಾವೆ ಹಾಕುವ ಅವಧಿ ಮೀರಿದ ಮೇಲೆ, ಹೋಗಲಿ, ಪ್ರತಿಕೂಲ ಸ್ವಾಧೀನ ಎನ್ನೋಣ ಎಂದು ಬರುತ್ತಾರೆ. ಮಾರುವೆನೆಂದು ಮಾಲೀಕನೇ ಕರಾರು ಮಾಡಿ ಹೊಲಕ್ಕೆ ಇಳಿಸಿದ ಮೇಲೆ ಅದು ಅವನ ಒಪ್ಪಿಗೆಯ ಸ್ವಾಧೀನ. ಆ ಕರಾರನ್ನೇ ತಿರಸ್ಕರಿಸಿ, ನಿನ್ನ ಹಂಗಿಲ್ಲ ಎಂದು ಅವನಿಗೆ ಗೊತ್ತಾಗುವಂತೆ ನಿಂತ ದಿನವನ್ನು ತೋರಿಸದೆ ಕಾಲ ಓಡುವುದಿಲ್ಲ.

2019ರವರೆಗೆ ಇನ್ನೊಂದು ತೊಡಕಿತ್ತು. ಈ ವಾದವನ್ನು ಪ್ರತಿವಾದಿ ಮಾತ್ರ ಗುರಾಣಿಯಾಗಿ ಹಿಡಿಯಬಹುದು, ವಾದಿಯಾಗಿ ಹೋಗಿ ನನ್ನನ್ನು ಮಾಲೀಕನೆಂದು ಘೋಷಿಸಿ ಎಂದು ಕೇಳುವಂತಿಲ್ಲ ಎಂದು ಹಿಂದಿನ ಕೆಲವು ತೀರ್ಪುಗಳು ಹೇಳಿದ್ದವು. ರವೀಂದರ್ ಕೌರ್ ಗ್ರೆವಾಲ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಹನ್ನೆರಡು ವರ್ಷ ಸರಿಯಾಗಿ ತುಂಬಿಸಿದವರು ಈಗ ತಾವೇ ದಾವೆ ಹೂಡಬಹುದು.

ಈ ಸಿದ್ಧಾಂತವೇ ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. 2008ರಲ್ಲಿ ಹೇಮಾಜಿ ವಾಘಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದು ನಿಜವಾದ ಮಾಲೀಕನಿಗೆ ಅತಿ ಕಠೋರವೆಂದು ಹೇಳಿ, ಕಾನೂನನ್ನು ಮರುಪರಿಶೀಲಿಸಿ ಎಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತ್ತು. ಕಾನೂನು ಆಯೋಗ 2023ರಲ್ಲಿ ಕೊಟ್ಟ 280ನೇ ವರದಿಯಲ್ಲಿ ಬದಲಾವಣೆ ಬೇಡವೆಂದಿತು. ನನ್ನ ಅಭಿಪ್ರಾಯ ಕೇಳಿದರೆ, ಕಾಲಕ್ಕೆ ಒಂದು ಕೊನೆ ಬೇಕು. ಅಜ್ಜ ಎದುರು ನಿಂತು ಜಗಳವಾಡಿ ಸುಮ್ಮನಾದ ಹೊಲವನ್ನು ಮೊಮ್ಮಗ ಬಂದು ಕೇಳುವಂತಿದ್ದರೆ ಯಾವ ರೈತನೂ ಬಾವಿ ತೋಡಲಾರ, ಒಡ್ಡು ಹಾಕಲಾರ. ಆದರೆ ನಂಬಿ ಕೊಟ್ಟವರ ಹೊಲವನ್ನು ಈ ಹೆಸರಿನಲ್ಲಿ ನುಂಗಲು ಬಿಡಬಾರದು. ನ್ಯಾಯಾಲಯಗಳು ಅನುಮತಿಯ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದು ಅದಕ್ಕೇ, ಹಾಗಿರುವುದು ಸರಿ ಎಂದೇ ನಾನು ನಂಬುತ್ತೇನೆ.

ಉಪನ್ಯಾಸ ಮುಗಿದ ಮೇಲೆ ಒಬ್ಬ ತಾಯಿ ಎದ್ದು ಕೇಳಿದರು: “ನಮ್ಮ ಅಪ್ಪನ ಹೊಲವನ್ನು ಅಣ್ಣನೇ ಉಳುತ್ತಾ ಬಂದು ಇಪ್ಪತ್ತೈದು ವರ್ಷವಾಯಿತು. ಉತಾರವೂ ಅವನ ಹೆಸರಿಗೇ ಇದೆ. ನನ್ನ ಪಾಲು ಹೋಯಿತೇ?” ಬರೀ ಇಷ್ಟರಿಂದ ಹೋಗುವುದಿಲ್ಲ ತಾಯಿ ಎಂದೆ. ಒಟ್ಟಿನ ಆಸ್ತಿಯಲ್ಲಿ ಒಬ್ಬ ಪಾಲುದಾರನ ಸ್ವಾಧೀನ ಎಲ್ಲ ಪಾಲುದಾರರ ಸ್ವಾಧೀನವೇ. 1956ರಷ್ಟು ಹಿಂದೆಯೇ, ಪಿ. ಲಕ್ಷ್ಮಿ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಒಬ್ಬನೇ ಉಳುತ್ತಾನೆ, ಒಬ್ಬನೇ ಫಸಲು ಒಯ್ಯುತ್ತಾನೆ ಎಂಬುದು ಸಾಲದು. ನಿನಗೆ ಪಾಲಿಲ್ಲ ಎಂದು ಉಳಿದವರ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು ಹೊರಗಿಟ್ಟದ್ದನ್ನು ತೋರಿಸಬೇಕು. ನಮ್ಮ ಭಾಗದ ಹಳೆಯ ದಾಖಲೆಗಳಲ್ಲಿ ಹಿರಿಯ ಮಗನ ಹೆಸರು ಸೇರುವುದು ಎಷ್ಟೋ ಸಲ ಏಕತ್ರ ಕುಟುಂಬದ ಮ್ಯಾನೇಜರ್ ಎಂದು. ಅವನು ಎಲ್ಲರ ಪರವಾಗಿ ನಿಂತವನು. ಆ ತಾಯಿಗೆ ಹೇಳಿದ್ದು ಇಷ್ಟು: ಆ ಹೆಸರು ಯಾವ ಆಧಾರದ ಮೇಲೆ ಬಂತು ಎಂದು ಡೈರಿ ಉತಾರ ತೆಗೆಸಿ ನೋಡಿ. ವಾರಸಾ ಎಂದಿದೆಯೋ, ವಾಟ್ನಿ ಎಂದಿದೆಯೋ, ನಿಮ್ಮ ಹೆಬ್ಬೆಟ್ಟು ಇರುವ ಹಕ್ಕುಬಿಡುಗಡೆ ಪತ್ರವೇನಾದರೂ ಇದೆಯೋ ನೋಡಿ. ಪಾಲು ಕೇಳಿದಾಗ ಅಣ್ಣ ಇಲ್ಲವೆಂದರೆ ಆ ದಿನವನ್ನು ಬರೆದಿಟ್ಟುಕೊಂಡು ಕೂಡಲೇ ವಕೀಲರನ್ನು ಕಾಣಿ.

ಇನ್ನೊಬ್ಬರು ಸರ್ಕಾರಿ ಜಮೀನಿನ ಬಗ್ಗೆ ಕೇಳಿದರು. ಗಾಯರಾಣ ಹೊಲವನ್ನು ಅವರ ಮನೆತನ ಬಹಳ ಕಾಲದಿಂದ ಉಳುತ್ತಿದೆ. ಅಲ್ಲಿ ಹನ್ನೆರಡಲ್ಲ, ಮೂವತ್ತು ವರ್ಷ. ಕಾಲಮಿತಿ ಕಾಯ್ದೆಯ 112ನೇ ಅನುಚ್ಛೇದ ಸರ್ಕಾರಕ್ಕೆ ಅಷ್ಟು ಅವಧಿ ಕೊಟ್ಟಿದೆ, ಸಾರ್ವಜನಿಕ ಜಮೀನೆಂದರೆ ನ್ಯಾಯಾಲಯಗಳು ಸಾಕ್ಷ್ಯವನ್ನು ಇನ್ನೂ ಕಠಿಣವಾಗಿ ಅಳೆಯುತ್ತವೆ. ಅವರ ಕಾಗದ ನೋಡಿದಾಗ ಬಗರ್‌ಹುಕುಂ ಸಕ್ರಮಕ್ಕೆ ನಮೂನೆ 53ರಲ್ಲಿ ಅರ್ಜಿ ಹಾಕಿದ್ದು ಕಂಡಿತು. ಆ ಅರ್ಜಿಯ ಅರ್ಥವೇ ಜಮೀನು ಸರ್ಕಾರದ್ದು, ನನಗೆ ಮಂಜೂರು ಮಾಡಿ ಎಂದು. ಅದಕ್ಕೆ ಸಹಿ ಮಾಡಿದವರು ಸರ್ಕಾರದ ವಿರುದ್ಧ ನನ್ನದೆಂದು ಹಿಡಿದುಕೊಂಡಿದ್ದೆ ಎಂದರೆ ನಿಲ್ಲುವುದು ಬಹಳ ಕಷ್ಟ. ಅವರ ದಾರಿ ಸಕ್ರಮ ಸಮಿತಿಯ ಮುಂದಿದೆ, ಸಿವಿಲ್ ಕೋರ್ಟಿನಲ್ಲಿ ಅಲ್ಲ.

ಅವರೇ ಮುಂದುವರಿದು, ಹಾಗಾದರೆ ಸರ್ಕಾರ ನಮ್ಮ ಹೊಲದಲ್ಲಿ ರಸ್ತೆ ಮಾಡಿ ಹನ್ನೆರಡು ವರ್ಷ ಕಳೆದರೆ ಅದು ಸರ್ಕಾರದ್ದಾಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ. ಹಿಮಾಚಲ ಪ್ರದೇಶದ ವಿದ್ಯಾದೇವಿ ಎಂಬ ಅನಕ್ಷರಸ್ಥ ವಿಧವೆಯ ಜಮೀನನ್ನು ಅಲ್ಲಿನ ಸರ್ಕಾರ 1967-68ರಲ್ಲಿ ಭೂಸ್ವಾಧೀನದ ಕ್ರಮವನ್ನೇ ನಡೆಸದೆ ರಸ್ತೆಗೆ ತೆಗೆದುಕೊಂಡಿತ್ತು. ದಶಕಗಳ ನಂತರ ಅವರು ಪರಿಹಾರ ಕೇಳಿದಾಗ ಸರ್ಕಾರ ಪ್ರತಿಕೂಲ ಸ್ವಾಧೀನದ ವಾದ ಹೂಡಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಪ್ರಜೆಗಳ ಕಲ್ಯಾಣಕ್ಕಾಗಿ ಇರುವ ಸರ್ಕಾರ ತನ್ನ ಪ್ರಜೆಯ ಜಮೀನಿನ ಮೇಲೆ ಪ್ರತಿಕೂಲ ಸ್ವಾಧೀನದ ಹಕ್ಕು ಹೇಳುವಂತಿಲ್ಲ ಎಂದು ತೀರ್ಪಿತ್ತು, ಜಮೀನನ್ನು ಸ್ವಾಧೀನಪಡಿಸಿಕೊಂಡಂತೆಯೇ ಭಾವಿಸಿ ಪರಿಹಾರ ಕೊಡಬೇಕೆಂದು ಆದೇಶಿಸಿತು.